‘ಬರೀ ಡೇಟು, ಜಾಗ ಬದಲಾಯಿಸಿದ್ರೆ ಸಾಕು’

ರಾತ್ರಿ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಫೋನು ಟಿಂಗ್ ಎನ್ನುತ್ತದೆ. ‘ಮೇಡಂ, ಫಂಕ್ಷನ್ 25ಕ್ಕೆ ಹೋಗಿದೆ. ಜಾಗ ಬಸವನಗುಡಿ. ಬರೀ ಡೇಟು, ಜಾಗ ಬದಲಾಯಿಸಿದ್ರೆ ಸಾಕು, ಬೇರೆ ಏನೂ ಮುಟ್ಟಬೇಡಿ. ಸ್ವಲ್ಪ ಅರ್ಜೆಂಟ್.’

ಮನೆಯಲ್ಲೇ ಕುಳಿತು ಆಮಂತ್ರಣ ಪತ್ರಿಕೆ ಮಾಡಿಕೊಡುವ ಡಿಸೈನರುಗಳಿಗೆ ಇಂಥ ಮೆಸೇಜು ಹೊಸದಲ್ಲ. ಕಳಿಸಿದವರ ಲೆಕ್ಕದಲ್ಲಿ ಅದು ಐದು ನಿಮಿಷದ ಕೆಲಸ. ಮುಗಿಯುವುದು ಮಾತ್ರ ಎಷ್ಟೋ ಸಲ ಮರುದಿನ ಮಧ್ಯಾಹ್ನಕ್ಕೆ, ಅದೂ ಹತ್ತಾರು ಪ್ರಶ್ನೆ, ಮೂರು ‘ಫೈನಲ್’, ಒಂದು ‘ಫೈನಲ್ ಫೈನಲ್’ ಆದ ಮೇಲೆ. ಇದರಲ್ಲಿ ಡಿಸೈನರ್ ಸೋಮಾರಿಯೂ ಅಲ್ಲ, ಮನೆಯವರು ಬೇಜವಾಬ್ದಾರಿಯವರೂ ಅಲ್ಲ. ಪತ್ರಿಕೆಯಲ್ಲಿ ದಿನಾಂಕ ಎಂಬುದು ಒಂದೇ ಕಡೆ ಕೂತಿರುವುದಿಲ್ಲ, ಸ್ಥಳವೂ ಅಷ್ಟೆ. ಒಂದನ್ನು ಎಳೆದರೆ ನಾಲ್ಕಾರು ಸಾಲು ಜೊತೆಗೆ ಬರುತ್ತವೆ. ಅವು ಯಾವುವು ಎಂದು ಮೆಸೇಜಿನಲ್ಲಿ ಇರುವುದಿಲ್ಲ.

ಬೆಂಗಳೂರಿನ ಒಂದು ಮನೆಯ ನಾಮಕರಣವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ನೆಂಟರಿಗೆಲ್ಲ ರಜೆ ಇರುತ್ತದೆಂದು ಮಗುವಿನ ಅಪ್ಪ ಭಾನುವಾರ ನೋಡಿ 2026ರ ಮಾರ್ಚ್ 15 ಎಂದು ಗೊತ್ತು ಮಾಡಿ, ಜಯನಗರದಲ್ಲಿ ಒಂದು ಹಾಲ್ ಹಿಡಿದ. ಪತ್ರಿಕೆಯ ತಲೆಯಲ್ಲಿ ಹಾಕುವ ಪಂಚಾಂಗದ ಸಾಲನ್ನು ಗೋಡೆಯ ಕ್ಯಾಲೆಂಡರ್ ನೋಡಿ ತಾನೇ ಟೈಪ್ ಮಾಡಿ ಕಳಿಸಿದ. ಇಮೇಜು ಚೆಂದವಾಗಿ ಬಂತು, ವಾಟ್ಸಾಪ್ ಗುಂಪುಗಳಿಗೂ ಹೋಯಿತು. ಎರಡು ದಿನ ಬಿಟ್ಟು ಅಜ್ಜಿ ಕನ್ನಡಕ ಹಾಕಿಕೊಂಡು ಅದನ್ನು ಮೊದಲಿಂದ ಓದಿದರು. ‘ಏಕಾದಶಿ ದಿನ ಯಾರಿಗೋ ಊಟ ಹಾಕ್ತೀಯಾ?’ ಎಂದರು. ಮಾರ್ಚ್ 15 ಫಾಲ್ಗುಣ ಕೃಷ್ಣ ಏಕಾದಶಿ. ಮಾಧ್ವರ ಮನೆ. ನೆಂಟರಲ್ಲಿ ಅರ್ಧ ಜನಕ್ಕೆ ಅಂದು ಉಪವಾಸ. ಪುರೋಹಿತರನ್ನು ಕೇಳಿ 25ನೇ ತಾರೀಕು ಬುಧವಾರ ಎಂದು ತೀರ್ಮಾನವಾಯಿತು. ಆ ದಿನ ಜಯನಗರದ ಹಾಲ್ ಖಾಲಿ ಇರಲಿಲ್ಲ. ಹೇಗೂ ಕೆಲಸದ ದಿನ, ಜನ ಕಡಿಮೆ ಎಂದು ಬಸವನಗುಡಿಯ ದೇವಸ್ಥಾನವೊಂದರ ಪಕ್ಕದ ಸಣ್ಣ ಹಾಲ್ ಸಿಕ್ಕಿತು. ಆಗ ಹೋಗಿದ್ದು ಮೇಲಿನ ಮೆಸೇಜು.

ಡಿಸೈನರ್ ಆ ಹಳೆಯ ಪತ್ರಿಕೆ ತೆರೆದು ನೋಡುತ್ತಾರೆ. ಮೊದಲ ಸಾಲು ಹೀಗಿದೆ: ‘ಶ್ರೀ ಶಾಲಿವಾಹನ ಶಕೆ 1947, ವಿಶ್ವಾವಸು ನಾಮ ಸಂವತ್ಸರ, ಉತ್ತರಾಯಣ, ಶಿಶಿರ ಋತು, ಫಾಲ್ಗುಣ ಮಾಸ, ಕೃಷ್ಣ ಪಕ್ಷ, ಏಕಾದಶಿ, ಭಾನುವಾರ’. ಮೆಸೇಜಿನಲ್ಲಿ ಹೇಳಿದಂತೆ 15 ತೆಗೆದು 25 ಹಾಕಿ ‘ಬೇರೆ ಏನೂ ಮುಟ್ಟದೆ’ ಕೊಟ್ಟರೆ ಈ ಸಾಲಿನ ಗತಿಯೇನು? ಆ ಎರಡು ತಾರೀಕುಗಳ ನಡುವೆ, ಮಾರ್ಚ್ 19ರಂದು ಯುಗಾದಿ ಬರುತ್ತದೆ. ಹತ್ತೇ ದಿನ ಮುಂದೂಡಿದ್ದಕ್ಕೆ ವರ್ಷವೇ ಬದಲಾಗಿದೆ. ಹೊಸ ಸಾಲು ಹೀಗಾಗಬೇಕು: ‘ಶಕೆ 1948, ಪರಾಭವ ನಾಮ ಸಂವತ್ಸರ, ಉತ್ತರಾಯಣ, ವಸಂತ ಋತು, ಚೈತ್ರ ಮಾಸ, ಶುಕ್ಲ ಪಕ್ಷ, ಸಪ್ತಮಿ, ಬುಧವಾರ’. ಹಳೆಯ ಸಾಲಿನಲ್ಲಿ ಹಾಗೆಯೇ ಉಳಿದದ್ದು ‘ಉತ್ತರಾಯಣ’ ಒಂದೇ.

ಯುಗಾದಿ ನಡುವೆ ಬರದಿದ್ದರೂ ತಿಥಿ ಬದಲಾಗುತ್ತದೆ, ನಕ್ಷತ್ರ ಬದಲಾಗುತ್ತದೆ, ವಾರವನ್ನು ನೋಡಲೇಬೇಕು. ದಿನಾಂಕ ತಿದ್ದಿ ವಾರ ಮರೆಯುವುದು ಈ ಕೆಲಸದಲ್ಲಿ ಆಗುವ ಸಾಮಾನ್ಯ ತಪ್ಪು. ‘25-3-2026, ಭಾನುವಾರ’ ಎಂದು ಅಚ್ಚಾದರೆ ಓದಿದವರಲ್ಲಿ ಕೆಲವರು ದಿನಾಂಕ ನಂಬುತ್ತಾರೆ, ಕೆಲವರು ವಾರ ನಂಬುತ್ತಾರೆ. ಕೆಲಸಕ್ಕೆ ಹೋಗುವವರು ವಾರವನ್ನೇ ನಂಬುತ್ತಾರೆ, ಏಕೆಂದರೆ ಅವರ ನೆನಪಿನಲ್ಲಿ ಉಳಿಯುವುದು ಅದೇ.

ಸಮಯವೂ ಇದೇ ಸರಪಳಿಗೆ ಸೇರಿದ್ದು. ಪತ್ರಿಕೆಯಲ್ಲಿ ‘ಬೆಳಗ್ಗೆ 10.30ಕ್ಕೆ ವೃಷಭ ಲಗ್ನದಲ್ಲಿ’ ಎಂದಿತ್ತು. ಲಗ್ನ ಪ್ರತಿದಿನ ಸುಮಾರು ನಾಲ್ಕು ನಿಮಿಷ ಮುಂಚೆ ಬರುತ್ತದೆ. ಹತ್ತು ದಿನಕ್ಕೆ ಅದು ನಲವತ್ತು ನಿಮಿಷ. ಪುರೋಹಿತರು ಹೊಸ ದಿನಕ್ಕೆ 9.45 ಎಂದು ಬರೆದುಕೊಟ್ಟಿದ್ದರು. ಆ ಚೀಟಿ ಅಪ್ಪನ ಅಂಗಿಯ ಜೇಬಿನಲ್ಲೇ ಉಳಿದಿತ್ತು. ಅದನ್ನು ಡಿಸೈನರ್ ಊಹಿಸಲು ಸಾಧ್ಯವಿಲ್ಲ, ಊಹಿಸಲೂಬಾರದು. ತಿಥಿ, ನಕ್ಷತ್ರ, ಲಗ್ನಗಳನ್ನು ಡಿಸೈನರ್ ಕೈಗೆ ಬಿಟ್ಟರೆ ಅವರು ಯಾವುದೋ ಆ್ಯಪ್ ನೋಡಿ ಹಾಕುತ್ತಾರೆ. ಮನೆಯವರು ಅನುಸರಿಸುವ ಪಂಚಾಂಗ ಬೇರೆಯಾಗಿದ್ದರೆ ಮತ್ತೊಂದು ಸುತ್ತು ಫೋನು ಶುರು.

ಸ್ಥಳದ ಕಥೆಯೂ ಹೀಗೇ ಹರಡಿಕೊಂಡಿದೆ. ಹಾಲ್‌ನ ಹೆಸರು, ಅಡ್ಡರಸ್ತೆ, ಬಡಾವಣೆ, ಪಿನ್‌ಕೋಡ್ ಒಂದು ಗುಂಪು. ‘ಇಂಥ ಬಸ್‌ಸ್ಟಾಪಿನ ಎದುರು’ ಎಂಬ ಗುರುತು ಇನ್ನೊಂದು. ‘ಊಟದ ವ್ಯವಸ್ಥೆ ಮೊದಲ ಮಹಡಿಯಲ್ಲಿ’, ‘ವಾಹನ ನಿಲುಗಡೆ ನೆಲಮಾಳಿಗೆಯಲ್ಲಿ’ ಎಂಬ ಸಣ್ಣಕ್ಷರದ ಸಾಲುಗಳು ಮತ್ತೊಂದು. ದೇವಸ್ಥಾನದ ಹಾಲಿಗೆ ಮಹಡಿಯೂ ಇಲ್ಲ, ನೆಲಮಾಳಿಗೆಯೂ ಇಲ್ಲ. ಆದರೆ ಆ ಸಾಲುಗಳನ್ನು ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ. ಪತ್ರಿಕೆ ಎರಡು ಭಾಷೆಯದಾಗಿದ್ದರೆ ಇಷ್ಟನ್ನೂ ಇಂಗ್ಲಿಷ್ ಭಾಗದಲ್ಲಿ ಇನ್ನೊಮ್ಮೆ ತಿದ್ದಬೇಕು. ಕನ್ನಡದಲ್ಲಿ ಬಸವನಗುಡಿ, ಇಂಗ್ಲಿಷಿನಲ್ಲಿ ಜಯನಗರ ಉಳಿದ ಪತ್ರಿಕೆಗಳು ಹುಟ್ಟುವುದು ಹೀಗೆ.

ಇವೆಲ್ಲಕ್ಕಿಂತ ಮೋಸದ್ದು ಮೂಲೆಯಲ್ಲಿ ಕೂತ ಕ್ಯೂಆರ್ ಕೋಡ್. ಕಪ್ಪು ಬಿಳುಪಿನ ಆ ಚೌಕವನ್ನು ಕಣ್ಣಿನಿಂದ ಓದಲಾಗದು, ಹಾಗಾಗಿ ಅದು ತಪ್ಪಾಗಿದ್ದರೂ ಗೊತ್ತಾಗದು. ಸಾಮಾನ್ಯವಾಗಿ ಪತ್ರಿಕೆಗೆ ಹಾಕುವ ಕೋಡಿನಲ್ಲಿ ಗೂಗಲ್ ಮ್ಯಾಪ್‌ನ ಕೊಂಡಿ ಆ ಚುಕ್ಕಿಗಳ ಜೋಡಣೆಯಲ್ಲೇ ಅಡಗಿರುತ್ತದೆ. ಪಕ್ಕದ ವಿಳಾಸ ಬದಲಾದ ಮಾತ್ರಕ್ಕೆ ಚುಕ್ಕಿಗಳು ಬದಲಾಗುವುದಿಲ್ಲ. ಹೊಸ ಜಾಗದ ಕೊಂಡಿಯಿಂದ ಹೊಸ ಕೋಡನ್ನೇ ಮಾಡಿ ಹಳೆಯದರ ಜಾಗಕ್ಕೆ ಕೂರಿಸಬೇಕು. ಕೊಂಡಿಯನ್ನು ಹಿಂದಿನಿಂದ ಬದಲಿಸಬಹುದಾದ ಕೋಡುಗಳೂ ಇವೆ, ಆದರೆ ಅವನ್ನು ಮೊದಲೇ ಹಾಗೆಂದು ಮಾಡಿಸಿರಬೇಕು. ವಿಳಾಸವೆಲ್ಲ ಸರಿಯಾಗಿ ತಿದ್ದಿ ಕೋಡ್ ಮಾತ್ರ ಹಳೆಯದು ಉಳಿದರೆ, ಪತ್ರಿಕೆ ಓದುವ ಅಜ್ಜಂದಿರು ಬಸವನಗುಡಿಗೆ ಬರುತ್ತಾರೆ, ಸ್ಕ್ಯಾನ್ ಮಾಡುವ ಮೊಮ್ಮಕ್ಕಳು ಜಯನಗರಕ್ಕೆ ಹೋಗುತ್ತಾರೆ.

ಏನನ್ನು ಬದಲಿಸಬೇಕು ಎಂಬುದು ಇಷ್ಟು. ಹೇಗೆ ಬದಲಿಸಬೇಕು ಎಂಬುದು, ಡಿಸೈನರ್ ಕೈಯಲ್ಲಿ ಯಾವ ಫೈಲ್ ಇದೆ ಎಂಬುದರ ಮೇಲೆ ನಿಂತಿದೆ.

ಮನೆಯವರ ಫೋನಿನಲ್ಲಿರುವುದು ಜೆಪೆಗ್ ಇಮೇಜು. ಅದರಲ್ಲಿ ಹಿನ್ನೆಲೆ, ತೊಟ್ಟಿಲಿನ ಚಿತ್ರ, ಮಾವಿನೆಲೆಯ ತೋರಣ, ಅಕ್ಷರ ಎಲ್ಲ ಬೆರೆತು ಒಂದೇ ಚಿತ್ರವಾಗಿರುತ್ತದೆ. ಅದರಿಂದ ‘15’ನ್ನು ಮಾತ್ರ ತೆಗೆಯುವುದೆಂದರೆ ಕುದಿದ ಸಾರಿನಿಂದ ಒಗ್ಗರಣೆಯ ಸಾಸಿವೆ ಆರಿಸಿದಂತೆ. ಡಿಸೈನರ್ ಬಳಿ ಇರುವುದು ಮೂಲ ಫೈಲ್, ಅಂದರೆ ಕೋರೆಲ್‌ಡ್ರಾ, ಫೋಟೋಶಾಪ್ ಅಥವಾ ಕ್ಯಾನ್ವಾದಲ್ಲಿ ಪದರ ಪದರವಾಗಿ ಇಟ್ಟ ಕೆಲಸ. ಅಲ್ಲಿ ಅಕ್ಷರ ಬೇರೆ, ಹಿನ್ನೆಲೆ ಬೇರೆ. ಸಾಲನ್ನು ಕ್ಲಿಕ್ ಮಾಡಿ ಟೈಪ್ ಮಾಡಿದರೆ ಹಿಂದಿನ ತೋರಣ ಅಲುಗುವುದಿಲ್ಲ. ಅದಕ್ಕೇ ತಿದ್ದುಪಡಿಯ ಮೆಸೇಜು ಮೊದಲು ಮಾಡಿದವರಿಗೇ ಹೋಗುವುದು ಒಳ್ಳೆಯದು. ಅವರು ಸಿಗದೆ ಇನ್ನೊಬ್ಬರಿಗೆ ಇಮೇಜು ಕಳಿಸಿ ‘ಇದರಲ್ಲೇ ತಿದ್ದಿ’ ಎಂದರೆ, ಅವರು ಹಳೆಯ ಅಕ್ಷರದ ಮೇಲೆ ಹಿನ್ನೆಲೆಯ ಬಣ್ಣ ಬಳಿದು ಅದರ ಮೇಲೆ ಹೊಸದನ್ನು ಬರೆಯಬೇಕಾಗುತ್ತದೆ. ಹಿನ್ನೆಲೆ ಒಂದೇ ಬಣ್ಣದ್ದಾದರೆ ಹೇಗೋ ನಡೆಯುತ್ತದೆ. ರೇಷ್ಮೆಯ ಹೊಳಪೋ ಹೂವಿನ ಬಳ್ಳಿಯೋ ಇದ್ದರೆ ತೇಪೆ ಕಾಣುತ್ತದೆ. ಗುರುತು ಹಿಡಿಯುವುದೂ ಸುಲಭ: ಇಮೇಜನ್ನು ದೊಡ್ಡದು ಮಾಡಿದಾಗ ಹೊಸ ಸಾಲು ಮಾತ್ರ ಚೂಪಾಗಿ, ಅಕ್ಕಪಕ್ಕದ ಹಳೆಯ ಸಾಲುಗಳು ಮಸುಕಾಗಿ, ಅಕ್ಷರದ ಅಂಚಿನಲ್ಲಿ ಧೂಳು ಹಿಡಿದಂತೆ ಕಾಣುತ್ತವೆ.

ಮೂಲ ಫೈಲ್ ಇದ್ದರೂ ಒಂದು ತೊಡಕು ಉಂಟು. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದೆ ಅಕ್ಷರ ಕೆಡಬಾರದೆಂದು ಡಿಟಿಪಿಯವರು ಅಕ್ಷರಗಳನ್ನೆಲ್ಲ ‘ಕರ್ವ್ಸ್’ ಮಾಡುತ್ತಾರೆ. ಆಗ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಗೆರೆಗಳ ಆಕೃತಿಯಾಗುತ್ತದೆ. ಅದರ ಮೇಲೆ ಟೈಪ್ ಮಾಡಲು ಬರುವುದಿಲ್ಲ. ಅನುಭವಸ್ಥರು ಕರ್ವ್ಸ್ ಮಾಡುವ ಮುಂಚಿನ ಒಂದು ಪ್ರತಿ ಎತ್ತಿಟ್ಟಿರುತ್ತಾರೆ. ಎತ್ತಿಡದವರು ಆ ಸಾಲುಗಳನ್ನು ಮೊದಲಿಂದ ಜೋಡಿಸುತ್ತಾರೆ.

ಇನ್ನು ಕನ್ನಡಕ್ಕೆಂದೇ ಇರುವ ತಲೆನೋವು. ಅಪ್ಪ ವಾಟ್ಸಾಪಿನಲ್ಲಿ ಟೈಪ್ ಮಾಡುವುದು ಯೂನಿಕೋಡ್ ಕನ್ನಡ. ಪತ್ರಿಕೆ ಕೆಲಸ ಮಾಡುವ ಅನೇಕರ ಹಳೆಯ ಫೈಲುಗಳು ನುಡಿಯ ಹಳೆಯ ಫಾಂಟುಗಳಲ್ಲಿವೆ, ಏಕೆಂದರೆ ಅವರಿಗೆ ಒಗ್ಗಿದ ಅಲಂಕಾರದ ಅಕ್ಷರಶೈಲಿಗಳು ಅವುಗಳಲ್ಲೇ ಇವೆ. ಆ ಹಳೆಯ ಪದ್ಧತಿಯಲ್ಲಿ ಕಂಪ್ಯೂಟರಿನ ಪಾಲಿಗೆ ಕನ್ನಡ ಅಕ್ಷರ ಎಂಬುದೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ಕೂರಿಸಿರುತ್ತಾರೆ. ಅಲ್ಲಿ ‘ಕನ್ನಡ’ ಎಂದು ಕಾಣುವುದನ್ನು ಬೇರೆ ಫಾಂಟಿಗೆ ತಿರುಗಿಸಿದರೆ PÀ£ÀßqÀ ಎಂದಾಗುತ್ತದೆ. ಹೀಗಾಗಿ ಅಪ್ಪ ಕಳಿಸಿದ ‘ಚೈತ್ರ ಮಾಸ, ಶುಕ್ಲ ಪಕ್ಷ’ವನ್ನು ಅಲ್ಲಿಗೆ ನೇರ ಅಂಟಿಸಿದರೆ ಖಾಲಿ ಡಬ್ಬಿಗಳು ಬರುತ್ತವೆ, ಇಲ್ಲವೇ ಆ ಸಾಲು ಮಾತ್ರ ಬೇರೆ ಯಾವುದೋ ಸಪ್ಪೆ ಫಾಂಟಿಗೆ ಜಾರುತ್ತದೆ. ಡಿಸೈನರ್ ಅದನ್ನು ಪರಿವರ್ತಕದಲ್ಲಿ ಹಾಕಿ ಬದಲಿಸುತ್ತಾರೆ ಅಥವಾ ಕೈಯಾರೆ ಮತ್ತೆ ಟೈಪ್ ಮಾಡುತ್ತಾರೆ. ತಪ್ಪುಗಳು ನುಸುಳುವುದು ಇಲ್ಲೇ. ಅದರಲ್ಲೂ ಅರ್ಕಾವತ್ತು, ಎರಡೆರಡು ಒತ್ತು ಇರುವ ಪದಗಳಲ್ಲಿ.

ಪೂರ್ತಿ ಯೂನಿಕೋಡಿನಲ್ಲೇ ಕೆಲಸ ಮಾಡುವವರಿಗೂ ಫೋಟೋಶಾಪ್ ಒಂದು ಪರೀಕ್ಷೆ ಒಡ್ಡುತ್ತದೆ. ಭಾರತೀಯ ಲಿಪಿಗಳಿಗೆ ಬೇಕಾದ World-Ready ಆಯ್ಕೆಯನ್ನು ಒತ್ತದಿದ್ದರೆ ಒತ್ತಕ್ಷರಗಳು ಬಿಚ್ಚಿಕೊಳ್ಳುತ್ತವೆ. ‘ಶುಕ್ಲ’ ಹೋಗಿ ‘ಶುಕ್‌ಲ’ ಆಗುತ್ತದೆ. ಕನ್ನಡ ಓದಲು ಬಾರದ ಡಿಸೈನರ್ ಆದರೆ ಅವರ ಕಣ್ಣಿಗೆ ಎರಡೂ ಒಂದೇ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಇನ್ನೊಂದು ಸಮಸ್ಯೆಯೂ ಬರುತ್ತದೆ. ಮೂರು ಸಾಲಿನ ವಿಳಾಸ ಇದ್ದಲ್ಲಿ ನಾಲ್ಕು ಸಾಲಿನದು ಬಂದರೆ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಬೇಕಾಗುತ್ತದೆ. ಆಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ‘ಬೇರೆ ಏನೂ ಮುಟ್ಟಬೇಡಿ’ ಎಂದಿದ್ದರೂ ಅಕ್ಷರದ ಗಾತ್ರ ಇಳಿಸಿ, ಪಕ್ಕದ ತೊಟ್ಟಿಲನ್ನು ಅರ್ಧ ಇಂಚು ಮೇಲಕ್ಕೆ ಸರಿಸಲೇಬೇಕು.

ಇಷ್ಟು ತಿಳಿದ ಮೇಲೆ ಆ ರಾತ್ರಿಯ ಮೆಸೇಜನ್ನು ಮತ್ತೆ ಬರೆದರೆ ಹೀಗಾಗಬಹುದು:

‘ನಮಸ್ಕಾರ ಮೇಡಂ. ನೀವು ಮಾಡಿಕೊಟ್ಟ ನಾಮಕರಣದ ಪತ್ರಿಕೆಯಲ್ಲಿ ದಿನ, ಸಮಯ, ಸ್ಥಳ ಮೂರೂ ಬದಲಾಗಿವೆ. ನಾವು ಹಂಚಿದ ಹಳೆಯ ಇಮೇಜು ಜೊತೆಗಿದೆ, ತಿದ್ದಬೇಕಾದ ಕಡೆ ಕೆಂಪು ಸುತ್ತು ಹಾಕಿದ್ದೇನೆ.

1. ಪಂಚಾಂಗದ ಸಾಲು ಪೂರ್ತಿ ತೆಗೆದು ಇದನ್ನು ಹಾಕಿ: ಶ್ರೀ ಶಾಲಿವಾಹನ ಶಕೆ 1948, ಪರಾಭವ ನಾಮ ಸಂವತ್ಸರ, ಉತ್ತರಾಯಣ, ವಸಂತ ಋತು, ಚೈತ್ರ ಮಾಸ, ಶುಕ್ಲ ಪಕ್ಷ, ಸಪ್ತಮಿ, ಬುಧವಾರ.
2. ದಿನಾಂಕ: 25-3-2026, ಬುಧವಾರ. ಬೆಳಗ್ಗೆ 9.45, ವೃಷಭ ಲಗ್ನ (ಮೊದಲು 10.30 ಇತ್ತು). ಊಟ 12 ಗಂಟೆಗೆ, ಅದು ಹಾಗೇ ಇರಲಿ.
3. ಸ್ಥಳ: ಕೆಳಗೆ ಟೈಪ್ ಮಾಡಿರುವ ನಾಲ್ಕು ಸಾಲು. ಮಹಡಿ, ಪಾರ್ಕಿಂಗ್ ಸಾಲುಗಳು ಬೇಡ.
4. ಕ್ಯೂಆರ್ ಕೋಡ್ ಹೊಸದು ಬೇಕು, ಮ್ಯಾಪ್ ಕೊಂಡಿ ಕೆಳಗಿದೆ.
5. ಇಂಗ್ಲಿಷ್ ಭಾಗದಲ್ಲೂ ಇವೇ ಬದಲಾವಣೆ, ಅದರ ಸಾಲುಗಳನ್ನೂ ಟೈಪ್ ಮಾಡಿದ್ದೇನೆ.

ಹೆಸರುಗಳು, ಫೋನ್ ನಂಬರು, ಚಿತ್ರ ಬದಲಾಗಿಲ್ಲ. ವಿಳಾಸ ಹಿಡಿಸದಿದ್ದರೆ ಅಕ್ಷರ ಚಿಕ್ಕದು ಮಾಡಿ, ಪರವಾಗಿಲ್ಲ. ಪ್ರಿಂಟ್ ಹಾಕಿಸುತ್ತಿಲ್ಲ, ವಾಟ್ಸಾಪಿಗೆ ಮಾತ್ರ. ನಾಳೆ ಸಂಜೆಯೊಳಗೆ ಸಿಕ್ಕರೆ ಒಳ್ಳೆಯದು. ಇದಕ್ಕೆ ಎಷ್ಟಾಗುತ್ತೆ ಹೇಳಿ.’

ಉದ್ದ ಹೆಚ್ಚಿತು ಎನ್ನಿಸಬಹುದು. ಆದರೆ ಇದರಲ್ಲಿ ಡಿಸೈನರ್ ತಿರುಗಿ ಕೇಳಬೇಕಾದ ಪ್ರಶ್ನೆ ಒಂದೂ ಉಳಿದಿಲ್ಲ. ಸಾಲುಗಳು ಟೈಪ್ ಆಗಿರುವುದರಿಂದ ಕೈಯಲ್ಲಿ ಬರೆದ ಚೀಟಿಯ ಫೋಟೋದಲ್ಲಿ ‘7’ ‘1’ರಂತೆ ಕಾಣುವ ಅಪಾಯವಿಲ್ಲ. ವಾಯ್ಸ್ ನೋಟ್‌ನಲ್ಲಿ ‘ಹದಿನೈದು’ ‘ಇಪ್ಪತ್ತೈದು’ ಕೇಳಿಸಿಕೊಳ್ಳುವ ತಾಪತ್ರಯವೂ ಇಲ್ಲ. ಬದಲಾಗದ್ದನ್ನೂ ಹೇಳಿರುವುದರಿಂದ ಊಟದ ಸಮಯವನ್ನೂ ನಲವತ್ತೈದು ನಿಮಿಷ ಹಿಂದಕ್ಕೆ ತಳ್ಳುವ ಅತಿಬುದ್ಧಿವಂತಿಕೆಗೆ ಅವಕಾಶವಿಲ್ಲ. ಇನ್ನು ಕೊನೆಯ ಸಾಲು. ಡಿಸೈನರ್ ಮಾಡಿದ ಅಕ್ಷರದೋಷವನ್ನು ತಿದ್ದಿಕೊಡುವುದು ಅವರ ಹೊಣೆ. ಒಪ್ಪಿದ ಪತ್ರಿಕೆಯನ್ನು ಮನೆಯವರ ಕಾರಣಕ್ಕೆ ಬದಲಿಸುವುದು ಹೊಸ ಕೆಲಸ. ಕೆಲವರು ಒಂದೆರಡು ಸಲದ ತಿದ್ದುಪಡಿಯನ್ನು ಮೊದಲ ದರದಲ್ಲೇ ಸೇರಿಸಿರುತ್ತಾರೆ. ಮೊದಲೇ ಕೇಳಿಕೊಂಡರೆ ಇಬ್ಬರಿಗೂ ಮುಜುಗರವಿಲ್ಲ.

ಮರುದಿನ ಹೊಸ ಇಮೇಜು ಬರುತ್ತದೆ. ಮನೆಯವರು ಸಾಮಾನ್ಯವಾಗಿ ನೋಡುವುದು ಬದಲಾದ ಸಾಲನ್ನು ಮಾತ್ರ. ‘ಸೂಪರ್ ಮೇಡಂ’ ಎಂದು ಬರೆದು ಅಲ್ಲಿಂದಲೇ ಗುಂಪಿಗೆ ಫಾರ್ವರ್ಡ್. ಅದಕ್ಕೆ ಮುಂಚೆ ಹತ್ತು ನಿಮಿಷ ಬೇಕು. ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ತಲೆಯಿಂದ ಬುಡದವರೆಗೆ ಓದಬೇಕು. ಸಾಲು ಸರಿಸುವಾಗ ಕೆಳಗಿದ್ದ ಸೋದರತ್ತೆಯ ಹೆಸರು ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿರಬಹುದು. ದಿನಾಂಕ ಮತ್ತು ವಾರವನ್ನು ಕ್ಯಾಲೆಂಡರಿನಲ್ಲಿ ತಾಳೆ ನೋಡಬೇಕು. ಕ್ಯೂಆರ್ ಕೋಡನ್ನು ಇನ್ನೊಂದು ಫೋನಿನಿಂದ ಸ್ಕ್ಯಾನ್ ಮಾಡಿ ಮ್ಯಾಪ್ ಎಲ್ಲಿಗೆ ಕರೆದೊಯ್ಯುತ್ತದೆಂದು ನೋಡಬೇಕು. ಈ ಮನೆಯಲ್ಲಂತೂ ಓದುವ ಕೆಲಸವನ್ನು ಅಜ್ಜಿಗೇ ಒಪ್ಪಿಸಬಹುದು. ಡಿಸೈನರ್ ಇಮೇಜನ್ನು ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಒಳಿತು. ಫೋಟೋ ಎಂದು ಕಳಿಸಿದರೆ ಅದು ಕುಗ್ಗಿ, ಸಣ್ಣಕ್ಷರದ ಒತ್ತುಗಳು ಕಲಸಿಹೋಗುತ್ತವೆ.

ಆಮೇಲೆ ಉಳಿಯುವುದು ಹಳೆಯ ಇಮೇಜು. ಅದು ಆಗಲೇ ನೆಂಟರ ಫೋನುಗಳಲ್ಲಿ ಕೂತಿದೆ. ಕಳಿಸಿದ ಮೆಸೇಜನ್ನು ಎಲ್ಲರ ಫೋನಿನಿಂದ ಅಳಿಸಲು ವಾಟ್ಸಾಪ್ ಸುಮಾರು ಎರಡೂವರೆ ದಿನದ ಗಡುವು ಕೊಟ್ಟಿದೆ. ಅಷ್ಟರಲ್ಲಿ ಅಳಿಸಿದರೂ ಚಿಕ್ಕಮ್ಮ ತಮ್ಮ ತವರಿನ ಗುಂಪಿಗೆ ಫಾರ್ವರ್ಡ್ ಮಾಡಿದ ಪ್ರತಿ ಅಲ್ಲೇ ಇರುತ್ತದೆ. ಎರಡೂ ಇಮೇಜಿನಲ್ಲಿ ಅದೇ ತೊಟ್ಟಿಲು, ಅದೇ ತೋರಣ. ಗುಂಪಿನಲ್ಲಿ ಮೇಲೆ ಕೆಳಗೆ ಸರಿಸುವವರಿಗೆ ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಹೊಳೆಯುವುದಿಲ್ಲ. ಎಷ್ಟೋ ಜನ ‘ಇದು ಆಗಲೇ ಬಂದಿತ್ತಲ್ಲ’ ಎಂದು ತೆರೆದೂ ನೋಡುವುದಿಲ್ಲ. ಹಾಗಾಗಿ ಮೆಸೇಜಿನಲ್ಲಿ ಆರನೆಯ ಅಂಶವೊಂದು ಸೇರಬೇಕು: ಹೊಸ ಇಮೇಜಿನ ನೆತ್ತಿಯ ಮೇಲೆ ‘ದಿನಾಂಕ ಮತ್ತು ಸ್ಥಳ ಬದಲಾಗಿದೆ’ ಎಂಬ ದಪ್ಪಕ್ಷರದ ಪಟ್ಟಿ, ಸಾಧ್ಯವಾದರೆ ಹಿನ್ನೆಲೆಗೆ ಬೇರೆ ಬಣ್ಣ. ಹಳೆಯದು ಹಳದಿಯಾಗಿದ್ದರೆ ಹೊಸದು ಹಸಿರು. ಫೋನಿನಲ್ಲಿ ‘ಹಸಿರು ಪತ್ರಿಕೆ ನೋಡಿ’ ಎಂದರೆ ಸಾಕಾಗುತ್ತದೆ.

ವಾಟ್ಸಾಪ್ ಇಲ್ಲದವರಿಗೆ, ಇದ್ದೂ ನೋಡದವರಿಗೆ ಫೋನು ಮಾಡುವ ಪಟ್ಟಿಯನ್ನು ಅಜ್ಜಿ ಕೈಗೆ ತೆಗೆದುಕೊಂಡರು. ಹಸಿರು ಇಮೇಜಿನ ಒಂದು ಪ್ರಿಂಟ್ ತೆಗೆಸಿ, 15ರ ಬೆಳಗ್ಗೆ ಜಯನಗರದ ಹಾಲ್‌ನ ವಾಚ್‌ಮನ್ ಕೈಗೆ ಕೊಟ್ಟುಬರಲು ಮಗನಿಗೆ ಹೇಳಿದ್ದೂ ಅವರೇ. ಅಲ್ಲಿ ಅಂದು ಬೇರೆ ಯಾರದೋ ಸಮಾರಂಭ ಇರಬಹುದು. ಬಾಗಿಲಿನ ಬಾಳೆಕಂಬ ನೋಡಿ ಸೀದಾ ಒಳಗೆ ಹೋದವರು, ಮಗುವಿನ ಅಪ್ಪ ಅಮ್ಮ ಒಳಗೆಲ್ಲೋ ಇರಬೇಕು ಎಂದುಕೊಂಡು, ಪಂಕ್ತಿಯಲ್ಲಿ ಕೂತು ಪಾಯಸ ಬಡಿಸಿಕೊಂಡ ಮೇಲಷ್ಟೇ ಅಕ್ಕಪಕ್ಕದ ಮುಖ ನೋಡುತ್ತಾರೆ.